ಕೆಳಗೆ ಏನೂ ಬಂದಿಲ್ಲ

ಉಮಾವತಿ ಅಕ್ಕ ಫೋನ್ ಮಾಡಲಿಲ್ಲ ಎಂದರೆ ಚಿಂತೆಗೆ ಕಾರಣವಿಲ್ಲ. ಹಾಲೆಂಡಿನ ನಮ್ಮ ಕನ್ನಡದವರಲ್ಲಿ ಇದು ಯಾರೂ ಬರೆದಿಡದೆ ಎಲ್ಲರೂ ನಂಬಿಕೊಂಡಿದ್ದ ನಿಯಮ. ಆ ನಿಯಮವನ್ನು ಮಾಡಿದವರು ಅವರಲ್ಲ, ನಾವೇ. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ ದಡ್ಡ ನಾನು.

ಉಡುಪಿಯ ಹೆಂಗಸು. ಮನೆಮಾತು ತುಳು. ಗಂಡ ಜಯಕರ ಅವರ ಕೆಲಸದ ಬೆನ್ನಿಗೆ ಎಂಬತ್ತೆರಡನೇ ಇಸವಿಯಲ್ಲಿ ಇಲ್ಲಿಗೆ ಬಂದಾಗ ಅವರಿಗೆ ಡಚ್ ಭಾಷೆಯ ಒಂದು ಅಕ್ಷರವೂ ಬರುತ್ತಿರಲಿಲ್ಲವಂತೆ. ಮಗಳು ಶ್ರೇಯಾ ಶಾಲೆಯಿಂದ ತರುತ್ತಿದ್ದ ಚೀಟಿಗಳನ್ನು ನಿಘಂಟು ಹಿಡಿದು ಓದಿ ಓದಿ ಕಲಿತರು. ಮಗಳು ಬೆಳೆದು ಚೀಟಿ ಮುಚ್ಚಿಡಲು ಶುರು ಮಾಡುವಷ್ಟರಲ್ಲಿ ತಾಯಿ ಪುರಸಭೆಯ ನೋಟಿಸುಗಳನ್ನು ಸರಾಗವಾಗಿ ಓದುತ್ತಿದ್ದರು. ನೂರ್ಡ್‌ವೈಕ್‌ನಲ್ಲಿ ಬಾಹ್ಯಾಕಾಶದ ಎಂಜಿನಿಯರುಗಳಿಗೆ ವರದಿ ಒದಗಿಸುವ ಸಣ್ಣ ಕಂಪನಿಯೊಂದರ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ಇನ್ನೂರು ಪುಟದ ವರದಿಯನ್ನು ಅರ್ಧ ಪುಟಕ್ಕೆ ಇಳಿಸಿಕೊಡುವುದು ಅವರ ಕೆಲಸ. ಅದನ್ನು ಅವರು ಹದಿನಾಲ್ಕು ವರ್ಷ ಮಾಡಿದರು.

ಹಾಗೆ ಇಳಿಸುವುದು ಕೈಗೆ ಹತ್ತಿದ ಮೇಲೆ ನಾವು ಸುಮ್ಮನೆ ಬಿಡುತ್ತೇವೆಯೇ? ತೆರಿಗೆಯ ಪತ್ರ, ವಿಮೆಯ ಪತ್ರ, ಬಾಡಿಗೆಮನೆಯ ಪತ್ರ, ಎಲ್ಲವೂ ಅವರಿಗೇ ಹೋಗುತ್ತಿತ್ತು. ಮೊದಲು ಅಂಚೆಯಲ್ಲಿ, ಆಮೇಲೆ ಇ-ಮೇಲ್‌ನಲ್ಲಿ. ಡಚ್ ಪತ್ರವನ್ನು ಟೈಪ್ ಮಾಡಿಯೋ ಸ್ಕ್ಯಾನ್ ಮಾಡಿಯೋ ಕಳಿಸಿದರೆ ನಾಲ್ಕು ಸಾಲಿನಲ್ಲಿ ಸಾರಾಂಶ ಬರುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ. "ಇದು ಜಾಹೀರಾತು, ಬಿಸಾಡಿ." "ಇದಕ್ಕೆ ಸಹಿ ಹಾಕಿ ಹತ್ತನೇ ತಾರೀಕಿನ ಒಳಗೆ ಕಳಿಸಿ." ಗಂಭೀರವಾದದ್ದಾದರೆ ಬರೆಯುತ್ತಿರಲಿಲ್ಲ, ಫೋನ್ ಮಾಡುತ್ತಿದ್ದರು. ಸಾಮಾನ್ಯದ್ದಾದರೆ ಬಿಡುವಾದಾಗ ಉತ್ತರ. ಹೀಗಾಗಿ ಫೋನ್ ಬರಲಿಲ್ಲ ಎಂದರೆ ನಾವು ನಿಶ್ಚಿಂತೆಯಿಂದ ಕಾಲು ಚಾಚಿ ಕೂರುತ್ತಿದ್ದೆವು.

ನಾನು ದಿವಾಕರ, ಮೈಸೂರಿನವನು, ತೊಂಬತ್ತೆಂಟರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ನನ್ನ ಪರ್ಮಿಟ್ ಸರಿಯಾಗಿತ್ತು. ಹೆಂಡತಿ ರುಕ್ಮಿಣಿ ಮತ್ತು ಆರು ವರ್ಷದ ಮಗಳು ಹಿತಾ ಬಂದು ಐದು ತಿಂಗಳಾಗಿತ್ತು. ಅವರಿಬ್ಬರೂ ನನ್ನ ಜೊತೆ ಉಳಿಯುವುದಕ್ಕೆ ಅನುಮತಿ ಕೇಳಿ ಅರ್ಜಿ ಹಾಕಿದ್ದೆವು. ಅದರ ಉತ್ತರ ಕಾಯುತ್ತಾ ಸೆಪ್ಟೆಂಬರಿನಲ್ಲಿ ಆಲ್ಮೆರೆಯ ಹೊಸ ಮನೆಗೆ ಬಂದೆವು. ಹಿತಾ ಎದುರುಮನೆಯ ಹುಡುಗಿಯ ಜೊತೆ ಸೈಕಲ್ ಕಲಿಯುತ್ತಿದ್ದಳು. ಬಿದ್ದಾಗ ಡಚ್‌ನಲ್ಲಿ ಬೈಯುವುದನ್ನೂ ಕಲಿತಿದ್ದಳು.

ಅಕ್ಟೋಬರ್ ಹದಿನಾರು, ಶುಕ್ರವಾರ ಬೆಳಗ್ಗೆ ಪತ್ರ ಬಂತು. ಒಂದೂವರೆ ಪುಟ, ಪೂರ್ತಿ ಡಚ್. ನನಗೆ ಅರ್ಥವಾದದ್ದು ನಮ್ಮ ಹೆಸರುಗಳು ಮತ್ತು ವಿದೇಶಿಯರ ಪೊಲೀಸ್ ಕಚೇರಿಯ ಮುದ್ರೆ, ಅಷ್ಟೇ.

"ಉಮಾವತಿ ಅಕ್ಕಂಗೆ ಫೋನ್ ಮಾಡಿ ಓದಿಬಿಡೋಣ್ವಾ?" ಎಂದಳು ರುಕ್ಮಿಣಿ.

"ನೀನು ಓದೋ ಡಚ್ ಕೇಳಿದ್ರೆ ಅವರು ಕೆಲಸ ಬಿಟ್ಟು ಓಡಿಹೋಗ್ತಾರೆ. ಆಫೀಸಲ್ಲಿ ಸ್ಕ್ಯಾನ್ ಮಾಡಿ ಮೇಲ್ ಹಾಕ್ತೀನಿ ಬಿಡು," ಎಂದೆ.

ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ಡಚ್ಚಿನವನು ಕೂರುತ್ತಿದ್ದ. ಒಳ್ಳೆಯ ಮನುಷ್ಯ. ಎರಡು ನಿಮಿಷದಲ್ಲಿ ಓದಿ ಹೇಳುತ್ತಿದ್ದ. ನಾನು ಕೇಳಲಿಲ್ಲ. ನನ್ನ ಕಾಂಟ್ರಾಕ್ಟ್ ಮುಂದುವರಿಸುವ ಮಾತು ನಡೆಯುತ್ತಿತ್ತು. ಮನೆಯವರ ಕಾಗದಪತ್ರದ ರಗಳೆ ಇದೆ ಎಂದು ಮ್ಯಾನೇಜರ್ ಕಿವಿಗೆ ಬಿದ್ದರೆ ಏನಾಗುತ್ತದೋ ಎಂಬ ಅಳುಕು. ನಮ್ಮವರೆಲ್ಲ ಹೀಗೇ. ಮನೆ ವಿಷಯ ನಮ್ಮವರಲ್ಲೇ ಇರಬೇಕು, ಪಕ್ಕದವನು ಮಾತ್ರ ಒಳ್ಳೆಯವನಾಗಿಯೇ ದೂರ ಇರಬೇಕು.

ಮಧ್ಯಾಹ್ನ ಮೂರೂವರೆಗೆ ಪತ್ರವನ್ನು ಸ್ಕ್ಯಾನ್ ಮಾಡಿದೆ. ಚಿತ್ರವನ್ನು ಅಕ್ಷರವಾಗಿಸುವ ಸಾಫ್ಟ್‌ವೇರ್ ಆಫೀಸಿನಲ್ಲಿತ್ತು. ಇ-ಮೇಲ್ ಕಳಿಸಿದೆ. "ಉಮಾವತಿ ಅಕ್ಕ, ಪ್ಲೀಸ್ ಸಮರೈಸ್ ದಿಸ್. ಅರ್ಜೆಂಟ್. ದಿವಾಕರ." ಪತ್ರವನ್ನು ಡ್ರಾಯರ್‌ಗೆ ಹಾಕಿ ಬೀಗ ಜಡಿದು ನಾಲ್ಕು ಹತ್ತರ ರೈಲು ಹಿಡಿದೆ. ಸೋಮವಾರದಿಂದ ಎರಡು ವಾರ ಮಾಸ್ಟ್ರಿಕ್ಟ್‌ನ ಗಿರಾಕಿಯ ಹತ್ತಿರ ಕೆಲಸ. ಆಗ ನಮ್ಮ ಕಂಪನಿಯ ಮೇಲ್ ನಮ್ಮ ಮೇಜಿನ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ತೆರೆಯುತ್ತಿರಲಿಲ್ಲ.

ಶನಿವಾರ ಫೋನ್ ಬರಲಿಲ್ಲ. ಭಾನುವಾರವೂ ಇಲ್ಲ.

"ನಾನೇ ಒಂದ್ ಸಲ ಕೇಳ್ಲಾ?" ಎಂದಳು ರುಕ್ಮಿಣಿ.

"ಬೇಡ್ವೇ. ಸೀರಿಯಸ್ ಆಗಿದ್ರೆ ಅವರೇ ಮಾಡ್ತಿದ್ರು. ಸುಮ್ನೆ ತೊಂದರೆ ಕೊಡ್ಬೇಡ."

ಮುಂದಿನ ಶನಿವಾರ ಮಾಸ್ಟ್ರಿಕ್ಟ್‌ನಿಂದ ಬಂದಾಗಲೂ ಅವಳು ಕೇಳಿದಳು. ನಾನು ಅದೇ ಉತ್ತರ ಕೊಟ್ಟೆ, ಸ್ವಲ್ಪ ಜೋರಾಗಿ. ಅವಳು ಮತ್ತೆ ಕೇಳಲಿಲ್ಲ. ಆ ಜೋರು ಈಗಲೂ ನನ್ನ ಕಿವಿಯಲ್ಲಿದೆ.

ನವೆಂಬರ್ ಎರಡು, ಸೋಮವಾರ ಆಫೀಸಿಗೆ ಹೋದೆ. ಮೇಜಿನ ಮೇಲೆ ರಿಸೆಪ್ಷನ್‌ನವಳು ಅಂಟಿಸಿದ್ದ ಹಳದಿ ಚೀಟಿಗಳು ಎರಡು. ಶ್ರೀಮತಿ ಉಮಾವತಿ ಫೋನ್ ಮಾಡಿದ್ದರು. ಕಂಪ್ಯೂಟರ್ ತೆರೆದರೆ ಅವರದೇ ಐದು ಮೇಲ್. ಮೊದಲನೆಯದು ಅದೇ ಶುಕ್ರವಾರ, ನಾಲ್ಕು ಇಪ್ಪತ್ತಕ್ಕೆ ಬಂದದ್ದು. ನಾನು ಆಗ ರೈಲಿನಲ್ಲಿ ಕೂತು ಹತ್ತು ನಿಮಿಷವಾಗಿತ್ತು.

"ದಿವಾಕರ, ನಿನ್ನ ಮೇಲ್ ಬಂತು. ಕೆಳಗೆ ಏನೂ ಬಂದಿಲ್ಲ. ಪುನಃ ಕಳಿಸು."

ಎರಡನೆಯದು ಸೋಮವಾರದ್ದು. "ಅರ್ಜೆಂಟ್ ಅಂತ ಬರೆದಿದ್ದಿ. ಪತ್ರ ಎಲ್ಲಿ?" ಮೂರನೆಯದು: "ನಿನ್ನ ಹಳೇ ನಂಬರಿಗೆ ಫೋನ್ ಮಾಡಿದೆ. ಬೇರೆ ಯಾರೋ ಇದ್ದಾರೆ. ಹೊಸ ನಂಬರ್ ಕೊಡು." ನಾಲ್ಕನೆಯದರಲ್ಲಿ, ನಮ್ಮ ಕನ್ನಡದವರಲ್ಲೇ ಒಬ್ಬಳಾದ ಭಾನುಮತಿಯನ್ನೂ ಕೇಳಿದೆ, ಅವಳ ಹತ್ತಿರವೂ ನಿನ್ನ ಹೊಸ ನಂಬರ್ ಇಲ್ಲ ಎಂದಿತ್ತು. ಮನೆ ಬದಲಾಯಿಸಿ ಒಂದು ತಿಂಗಳಾದರೂ ಯಾರಿಗೂ ನಂಬರ್ ಕೊಡದ ಮಹಾನುಭಾವ ನಾನು. ಐದನೆಯದರಲ್ಲಿ ಒಂದೇ ಸಾಲು. "ನಿನ್ನ ಆಫೀಸಿನವರು ನಿನ್ನ ಮನೆ ನಂಬರ್ ಕೊಡುದಿಲ್ಲವಂತೆ, ನಾನು ಎಂತ ಮಾಡುದು?"

ಡ್ರಾಯರ್ ತೆಗೆದು ಪತ್ರವನ್ನು ಮತ್ತೆ ಸ್ಕ್ಯಾನ್ ಮಾಡಿ ಕಳಿಸಿದೆ. ಈ ಸಲ ಕಳಿಸುವ ಮುಂಚೆ ಮೇಲಿಂದ ಕೆಳಗೆ ಎರಡು ಸಲ ನೋಡಿದೆ. ನನ್ನ ಮೇಜಿನ ನಂಬರನ್ನೂ ಹಾಕಿದೆ. ಎಂಟು ನಿಮಿಷಕ್ಕೆ ಫೋನ್ ಬಂತು. ಫೋನ್ ಬಂತು ಎಂಬುದರಲ್ಲೇ ನನಗೆ ಅರ್ಧ ತಿಳಿದುಹೋಯಿತು.

"ದಿವಾಕರ, ಕೂತಿದ್ದಿಯಾ? ಮಗುವಿನ ಜನನ ಪ್ರಮಾಣಪತ್ರ ಕೇಳಿದ್ದಾರೆ. ನಮ್ಮ ದೇಶದಲ್ಲಿ ಮುದ್ರೆ ಹಾಕಿಸಿ, ಇವರ ರಾಯಭಾರ ಕಚೇರಿಯಿಂದ ದೃಢೀಕರಿಸಿದ ಮೂಲಪ್ರತಿ. ಅದು ಸಿಗದಿದ್ದರೆ ತಾಯಿ ಮಗಳ ಇಬ್ಬರ ಅರ್ಜಿಯನ್ನೂ ಕೈಬಿಡುತ್ತೇವೆ ಅಂತ ಉಂಟು."

"ಯಾವಾಗಿನ ಒಳಗೆ ಅಕ್ಕ?"

"ಅಕ್ಟೋಬರ್ ಮೂವತ್ತು."

ಅದು ಹಿಂದಿನ ಶುಕ್ರವಾರ.

"ಆ ಕಾಗದ ಮಾಡಿಸ್ಲಿಕ್ಕೆ ತಿಂಗಳುಗಟ್ಟಲೆ ಬೇಕು ಮಾರಾಯ," ಎಂದರು ಅವರು ಮೆಲ್ಲಗೆ. "ಹೇಗೂ ಆಗ್ತಿರ್ಲಿಲ್ಲವೋ ಏನೋ."

ಅವರು ನನ್ನನ್ನು ಸಮಾಧಾನ ಮಾಡಲು ಹಾಗೆಂದರು. ಆದರೆ ಆ ಕಾಗದ ಆಗಿತ್ತು. ಬರುವ ಮುಂಚೆಯೇ ರುಕ್ಮಿಣಿ ಕಚೇರಿಯಿಂದ ಕಚೇರಿಗೆ ನಾಲ್ಕು ತಿಂಗಳು ಅಲೆದು ಎಲ್ಲ ಮುದ್ರೆಗಳನ್ನೂ ಹಾಕಿಸಿಕೊಂಡು ತಂದಿದ್ದಳು. ಅರ್ಜಿ ಹಾಕುವಾಗ ಕೌಂಟರಿನವನು ಕೇಳಲಿಲ್ಲ, ನಾವು ಕೊಡಲಿಲ್ಲ. ಅಡುಗೆಮನೆಯ ಕಪಾಟಿನಲ್ಲಿ ಹುಣಸೆಹಣ್ಣಿನ ಡಬ್ಬಿಯ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿತ್ತು. ಎಂಬತ್ತು ಸೆಂಟಿನ ಅಂಚೆಚೀಟಿ ಹಚ್ಚಿ ಅಂಚೆಪೆಟ್ಟಿಗೆಗೆ ಹಾಕಿದ್ದರೆ ಮುಗಿಯುತ್ತಿತ್ತು. ಇದನ್ನು ಹೇಳಿದಾಗ ಉಮಾವತಿ ಅಕ್ಕ, "ಹಾಗಾದ್ರೆ ಈಗಲೇ ಹೊರಡು, ನಾನೂ ಬರ್ತೇನೆ," ಎಂದರು.

ಅವತ್ತೇ ರಜೆ ಹಾಕಿ, ಕವರ್ ಹಿಡಿದು ಕೌಂಟರಿಗೆ ಹೋದೆವು, ನಾನು, ರುಕ್ಮಿಣಿ, ಮಾತಾಡಲು ಉಮಾವತಿ ಅಕ್ಕ. ಅವರು ನೂರ್ಡ್‌ವೈಕ್‌ನಿಂದ ಬಸ್ಸು ರೈಲು ಬದಲಿಸಿ ಬಂದಿದ್ದರು. ಕೌಂಟರಿನ ಹೆಂಗಸು ಒರಟಾಗಿರಲಿಲ್ಲ. ಕಾಗದ ನೋಡಿ, ಇದು ಪೂರ್ತಿ ಸರಿಯಾಗಿದೆ ಎಂದಳು. ಆದರೆ ಅವಧಿ ಮುಗಿದಿದೆ, ಈ ಬೆಳಗ್ಗೆ ತೀರ್ಮಾನಕ್ಕೆ ಸಹಿಯಾಗಿದೆ. ಆಕ್ಷೇಪ ಸಲ್ಲಿಸಬಹುದು, ಆದರೆ ಅದರ ಉತ್ತರವನ್ನು ಇಲ್ಲಿದ್ದು ಕಾಯುವಂತಿಲ್ಲ. ನಿಮಗೆ ಎರಡು ವಾರ ಕೊಟ್ಟಿದ್ದೆವಲ್ಲ, ಯಾಕೆ ಬರಲಿಲ್ಲ ಎಂದು ಕೇಳಿದಳು. ಹೇಳುವುದಕ್ಕೆ ಏನಿತ್ತು? ಪತ್ರ ಮೇಲ್‌ನಲ್ಲಿ ಹೋಗಲಿಲ್ಲ ಎಂದೇ?

ಹೊರಗೆ ಬಂದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. ತಪ್ಪು ಮಾಡಿದವನ ಸಿಟ್ಟು ಮೊದಲು ಹತ್ತಿರ ನಿಂತವರ ಮೇಲೆ ಹೋಗುತ್ತದೆ.

"ಅಕ್ಕ, ನಾವು ಅರ್ಜಿ ಹಾಕಿದ್ದು ನಿಮಗೆ ಗೊತ್ತಿತ್ತು. ಅರ್ಜೆಂಟ್ ಅಂತ ಬರ್ದಿದ್ದೆ. ಇದೇ ಇರಬಹುದು ಅಂತ ಗೆಸ್ ಮಾಡಿ, ಒಂದು ಲೈನ್ ಯಾರ ಕೈಲಾದ್ರೂ ಹೇಳಿ ಕಳಿಸ್ಬಹುದಿತ್ತಲ್ಲ."

ರುಕ್ಮಿಣಿ ನನ್ನ ತೋಳು ಹಿಡಿದಳು. ಉಮಾವತಿ ಅಕ್ಕ ಬೇಸರ ಮಾಡಿಕೊಳ್ಳಲಿಲ್ಲ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಬೆರಳು ಮಡಚುತ್ತಾ ಹೇಳಿದರು.

"ಜಯಕರರೂ ಹಾಗೇ ಹೇಳಿದ್ರು. ಪರ್ಮಿಟಿನ ಪತ್ರ ಇರಬಹುದು, ಎಂತಾದ್ರೂ ಬರಿ ಅಂತ. ಎಂತ ಬರೀಲಿ ಹೇಳು. ಆ ಆಫೀಸಿಂದ ಐದು ನಮೂನೆ ಪತ್ರ ಬರ್ತದೆ. ಪರ್ಮಿಟ್ ಆಯ್ತು, ಬಂದು ತಗೊಳ್ಳಿ, ಅದೊಂದು. ಫೀಸ್ ಕಟ್ಟಿ, ಅದೊಂದು. ಮಾತಾಡ್ಲಿಕ್ಕೆ ಬನ್ನಿ. ಕಾಗದ ಸಾಲುದಿಲ್ಲ. ಆಗುದಿಲ್ಲ, ಹೊರಡಿ. ಐದಕ್ಕೂ ಒಂದೇ ಮುದ್ರೆ, ಒಂದೇ ಲಕೋಟೆ. ಅಥವಾ ಪರ್ಮಿಟಿನದ್ದೇ ಅಲ್ಲದೆ ವಿಮೆಯದ್ದೂ ಆಗಿರಬಹುದು. ನಿನ್ನ ಮೇಲ್‌ನಲ್ಲಿ ನನಗೆ ಕಂಡದ್ದು ನಿನ್ನ ಹೆಸರು, ಅರ್ಜೆಂಟ್ ಅನ್ನುವ ಒಂದು ಮಾತು. ಪರ್ಮಿಟ್ ಆಯ್ತು ಅಂತ ನಾನು ಊಹೆ ಮಾಡಿ ಬರೆದಿದ್ದರೆ ನೀನು ಸಿಹಿ ಹಂಚ್ತಿದ್ದಿ. ನನ್ನ ಉತ್ತರ ನೋಡ್ಲಿಕ್ಕೆ ನಿಜದ್ದರ ಹಾಗೇ ಇರ್ತಿತ್ತು, ಅದೇ ನಾಲ್ಕು ಸಾಲು. ಸುಳ್ಳು ಅಂತ ನಿನಗೆ ಹೇಗೆ ಗೊತ್ತಾಗ್ತಿತ್ತು?"

ಉಮಾವತಿ ಅಕ್ಕ ಮಡಚಿದ ಬೆರಳುಗಳನ್ನು ಬಿಡಿಸಿದರು.

"ಸಾರಾಂಶ ನನ್ನ ತಲೆಯೊಳಗಿಂದ ಬರುದಲ್ಲ ಮಾರಾಯ, ಪತ್ರದೊಳಗಿಂದ ಬರುದು. ಪತ್ರವೇ ಇಲ್ಲದಿದ್ದರೆ ನಾನು ಹೇಳ್ಲಿಕ್ಕೆ ಆಗುದು ಒಂದೇ ಮಾತು, ಕೆಳಗೆ ಏನೂ ಬಂದಿಲ್ಲ ಅಂತ. ಅದನ್ನು ಐದು ಸಲ ಹೇಳಿದೆ."

ಆದರೆ ನಾನು ಪೇಸ್ಟ್ ಮಾಡಿದ್ದೆ. ಅದು ನನಗೆ ಖಂಡಿತ ನೆನಪಿತ್ತು. ಕಂಟ್ರೋಲ್ ಮತ್ತು ವಿ ಒತ್ತಿದ ಬೆರಳುಗಳೇ ನೆನಪಿದ್ದವು. ಹಾದಿಯಲ್ಲಿ ಕಳೆದುಹೋಗಿದೆ, ಮಧ್ಯದ ಯಾವುದೋ ಕಂಪ್ಯೂಟರ್ ನುಂಗಿದೆ ಎಂದು ವಾದ ಮಾಡಿದೆ. ಉಮಾವತಿ ಅಕ್ಕ ಮರುದಿನ ಸಂಜೆ ನಮ್ಮ ಆಫೀಸಿಗೇ ಬಂದರು. "ಅವತ್ತು ಮಾಡಿದ್ದನ್ನು ಹಾಗೇ ಮಾಡಿ ತೋರಿಸು," ಎಂದರು.

ಮಾಡಿದೆ. ಸ್ಕ್ಯಾನ್ ಆದ ಪತ್ರದ ಅಕ್ಷರವನ್ನೆಲ್ಲ ಆರಿಸಿ ಕಾಪಿ ಒತ್ತಿದೆ. ಆ ಕಿಟಕಿ ಮುಚ್ಚಿದೆ. ಹೊಸ ಮೇಲ್ ತೆರೆದು ನನ್ನ ಒಂದು ಸಾಲು ಬರೆದೆ. ಕಳಿಸಬೇಕಾದ ವಿಳಾಸ? ಅವರದ್ದು ಉದ್ದದ ವಿಳಾಸ, ಬಾಯಿಪಾಠ ಇರಲಿಲ್ಲ. ಅವರ ಹಳೆಯ ಮೇಲ್ ಒಂದನ್ನು ತೆರೆದು ವಿಳಾಸವನ್ನು ಕಾಪಿ ಮಾಡಿದೆ, ತಂದು ಪೇಸ್ಟ್ ಮಾಡಿದೆ.

"ಅಲ್ಲಿ," ಎಂದರು ಉಮಾವತಿ ಅಕ್ಕ.

ನನಗೂ ಕಂಡಿತು. ಕಾಪಿ ಮಾಡಿದ್ದನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ಜಾಗ ಒಂದೇ. ಎರಡನೆಯದನ್ನು ಇಟ್ಟ ಕ್ಷಣ ಮೊದಲಿನದು ಹೋಯಿತು. ವಿಳಾಸ ಬಂತು, ಪತ್ರ ಅಳಿಯಿತು. ಕೈ ಪೇಸ್ಟ್ ಒತ್ತಿತ್ತು, ಆದ್ದರಿಂದ ಮನಸ್ಸು ಕೆಲಸ ಮುಗಿಯಿತು ಎಂದುಕೊಂಡಿತು. ಒತ್ತಿದ್ದು ವಿಳಾಸಕ್ಕೆ. ರೈಲಿಗೆ ಹೊತ್ತಾಗಿತ್ತು, ಕಳಿಸುವ ಬಟನ್ ಒತ್ತಿದೆ. ಕಳಿಸಿದ ಮೇಲ್‌ಗಳ ಪಟ್ಟಿಯಲ್ಲಿ ಹದಿನಾರನೇ ತಾರೀಕಿನದನ್ನು ತೆರೆದೆವು. ಮೇಲೆ ಅವರ ವಿಳಾಸ, ಕೆಳಗೆ ನನ್ನ ಒಂದು ಸಾಲು, ನನ್ನ ಹೆಸರು, ಆಮೇಲೆ ಬಿಳಿ. ಹಾದಿಯಲ್ಲಿ ಏನೂ ಕಳೆದಿರಲಿಲ್ಲ. ಹೊರಟದ್ದೇ ಹಾಗೆ.

"ಇದು ಖಾಲಿ ಅಂತ ಈ ದರಿದ್ರ ಮೆಷೀನ್ ಒಂದು ಮಾತು ಹೇಳ್ಬಾರದಿತ್ತಾ?"

"ಅದಕ್ಕೆ ಹೇಗೆ ಗೊತ್ತು? ನೀನು ಒಂದು ಸಾಲು ಬರೆದಿದ್ದಿ, ಅದರ ಲೆಕ್ಕಕ್ಕೆ ಅದು ಖಾಲಿ ಅಲ್ಲ. 'ದಿಸ್' ಅಂತ ನೀನು ಯಾವುದಕ್ಕೆ ಹೇಳಿದ್ದು ಅಂತ ಅದು ನೋಡುದಿಲ್ಲ," ಎಂದರು. "ನನಗೆ ವಾರಕ್ಕೆ ಒಂದಾದ್ರೂ ಇಂಥದ್ದು ಬರ್ತದೆ. ಕೆಲವರು ಫೈಲ್ ಲಗತ್ತಿಸಲು ಮರೆಯುದು. ಕೆಲವರು ಬರೀ ಚಿತ್ರ ಆಗಿ ಸ್ಕ್ಯಾನ್ ಆದದ್ದರಲ್ಲಿ ಅಕ್ಷರ ಕಾಪಿ ಮಾಡ್ಲಿಕ್ಕೆ ನೋಡುದು. ಅದೂ ಉಪಗ್ರಹ ಹಾರಿಸುವವರು. ಬರೆದವನ ಕಣ್ಣಿಗೆ ಪತ್ರ ಆಗಷ್ಟೇ ಕಂಡಿರ್ತದೆ ನೋಡು, ಅದಕ್ಕೇ ನನಗೂ ಕಾಣ್ತದೆ ಅಂತ ಗ್ರಹಿಸ್ತಾನೆ. ಎಂಜಿನಿಯರುಗಳಾದ್ರೆ ಎರಡು ನಿಮಿಷಕ್ಕೆ ಪುನಃ ಕಳಿಸ್ತಾರೆ, ಮುಗೀತು. ನೀನು ಎದ್ದು ಹೋಗಿದ್ದಿ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ ಇಪ್ಪತ್ತೆಂಟಕ್ಕೆ ಸ್ಕಿಪೋಲ್ ವಿಮಾನ ನಿಲ್ದಾಣದಿಂದ ರುಕ್ಮಿಣಿ, ಹಿತಾ ಹೊರಟರು. ಹಿತಾ ಸೈಕಲ್ ತರುತ್ತೇನೆಂದು ಹಟ ಹಿಡಿದಿದ್ದಳು. ಬೇಗ ವಾಪಸ್ ಬರ್ತೀಯಲ್ಲ, ಇಲ್ಲೇ ಇರಲಿ ಎಂದು ನಾನು ಸುಳ್ಳು ಹೇಳಿದೆ. ರುಕ್ಮಿಣಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಹೋಗುವಾಗ, "ಉಮಾವತಿ ಅಕ್ಕಂಗೆ ಹೊಸ ನಂಬರ್ ಕೊಟ್ರಾ?" ಎಂದು ಮಾತ್ರ ಕೇಳಿದಳು. ಕೊಟ್ಟಿರಲಿಲ್ಲ.

ಉಮಾವತಿ ಅಕ್ಕ ಅಂದಿನಿಂದ ತಮ್ಮ ಪದ್ಧತಿ ಬದಲಿಸಿದರು. ಯಾರ ಪತ್ರ ಬಂದರೂ, ಜಾಹೀರಾತಾದರೂ, ಅದೇ ದಿನ ಫೋನ್. ಫೋನ್ ನಂಬರ್ ಬರೆಯದ ಮೇಲ್ ಬಂದರೆ ಮೊದಲು ನಂಬರ್ ಕೇಳುತ್ತಿದ್ದರು, ಆಮೇಲೆ ಓದುತ್ತಿದ್ದರು. "ನನ್ನ ಫೋನ್ ಬರಲಿಲ್ಲ ಅಂದ್ರೆ ನಿಮ್ಮ ಪತ್ರ ನನಗೆ ಮುಟ್ಟಲಿಲ್ಲ ಅಂತ ಲೆಕ್ಕ," ಎಂದು ಯುಗಾದಿಗೆ ಸೇರಿದಾಗ ಎಲ್ಲರ ಮುಂದೆ ಹೇಳಿದರಂತೆ. ನಾನು ಆ ವರ್ಷ ಯುಗಾದಿಗೆ ಹೋಗಿರಲಿಲ್ಲ. ತಪ್ಪು ನನ್ನದಾಗಿ, ಪ್ರಾಯಶ್ಚಿತ್ತ ಅವರದಾಯಿತು. ಅರವತ್ತರ ಹತ್ತಿರದ ಹೆಂಗಸು ಕೆಲಸ ಮುಗಿಸಿ ಬಂದು ಊರವರ ಜಾಹೀರಾತಿಗೆಲ್ಲ ಫೋನ್ ಮಾಡುತ್ತಾ ಕೂರುತ್ತಿದ್ದರು. ನಮ್ಮ ಆಕ್ಷೇಪದ ಅರ್ಜಿಯನ್ನು ಬರೆದುಕೊಟ್ಟವರೂ ಅವರೇ. ಅದು ಬೇಸಿಗೆಯಲ್ಲಿ ತಿರಸ್ಕೃತವಾಯಿತು. ಹೊಸದಾಗಿ, ಭಾರತದಿಂದಲೇ, ಮೊದಲಿನಿಂದ ಶುರು ಮಾಡಬೇಕು ಎಂದು ಅವರೇ ಫೋನ್ ಮಾಡಿ ಹೇಳಿದರು.

ಅದಕ್ಕೂ ಮೊದಲು, ತೊಂಬತ್ತೊಂಬತ್ತರ ಮಾರ್ಚಿನಲ್ಲಿ ಮೈಸೂರಿನ ಸೈಬರ್ ಕೆಫೆಯಿಂದ ರುಕ್ಮಿಣಿಯ ಮೇಲ್ ಬಂತು. ಹಿತಾ ಅಷ್ಟು ದಿನ ಫೋನಿನಲ್ಲಿ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಕರೆದರೆ ಓಡಿಹೋಗುತ್ತಿದ್ದಳು.

"ಹಿತಾ ಇವತ್ತು ತಾನೇ ಕೂತು ನಿಮಗೆ ಬರೆದಿದ್ದಾಳೆ. ಒಂದು ಗಂಟೆ ಟೈಪ್ ಮಾಡಿದಳು, ನನಗೂ ತೋರಿಸಲಿಲ್ಲ. ಕೆಳಗಿದೆ, ಓದಿ ಉತ್ತರ ಬರೀರಿ. ಕಾಯ್ತಿದ್ದಾಳೆ."

ಕೆಳಗೆ ಬಿಳಿ. ಮೌಸ್ ಹಿಡಿದು ಕೆಳಗೆ, ಇನ್ನೂ ಕೆಳಗೆ ಎಳೆದೆ. ಏನೂ ಇರಲಿಲ್ಲ.

ಚೆನ್ನಾಗಿ ಬರೆದಿದ್ದೀಯ ಪುಟ್ಟಿ, ಅಪ್ಪನಿಗೂ ನಿನ್ನ ನೆನಪಾಗುತ್ತೆ ಎಂದು ಬರೆದೆ. ಯಾವ ಮಗುವಿನ ಯಾವ ಪತ್ರಕ್ಕೂ ಒಗ್ಗುವಂಥದ್ದು. ಆದರೆ ಅವಳು ಏನು ಬರೆದಿದ್ದಳು? ಯಾವಾಗ ಬರಲಿ ಎಂದು ಕೇಳಿದ್ದಳೋ, ಯಾಕೆ ನಮ್ಮನ್ನು ಕಳಿಸಿದೆ ಎಂದು ಕೇಳಿದ್ದಳೋ, ಸೈಕಲ್ ಬಗ್ಗೆಯೋ, ನೀನು ಬೇಡ ಎಂದೋ. ಬೆರಳು ಮಡಚಿದೆ. ಬರೆದದ್ದನ್ನು ಅಳಿಸಿ, "ಕೆಳಗೆ ಏನೂ ಬಂದಿಲ್ಲ. ಪುನಃ ಕಳಿಸು," ಎಂದು ಬರೆದೆ.

ಆರು ದಿನದ ಮೇಲೆ ಉತ್ತರ ಬಂತು. ಹಿತಾ ಟೈಪ್ ಮಾಡುತ್ತಿದ್ದ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಹೋಯಿತಂತೆ. ಕೆಫೆಯವನು ಅಲ್ಲೇ ಕಾಪಿ ಒತ್ತಿ, ಪಕ್ಕದ ಕಂಪ್ಯೂಟರಿನಲ್ಲಿ ಕೂತು ಕಳಿಸಿ ಎಂದನಂತೆ. ರುಕ್ಮಿಣಿ ಅಲ್ಲಿ ಕೂತು ತನ್ನ ಸಾಲು ಬರೆದು, ಪೇಸ್ಟ್ ಒತ್ತಿ, ಪರದೆ ನೋಡದೆ ಕಳಿಸಿದ್ದಳು. ಒಂದು ಯಂತ್ರದಲ್ಲಿ ಕಾಪಿ ಮಾಡಿದ್ದು ಇನ್ನೊಂದಕ್ಕೆ ಹೋಗುವುದಿಲ್ಲ ಎಂದು ಅವಳಿಗೆ ಯಾರು ಹೇಳಿದ್ದರು? ಮೊದಲಿನ ಯಂತ್ರವನ್ನು ಅವನು ಆಗಲೇ ಆರಿಸಿಬಿಟ್ಟಿದ್ದ. ರುಕ್ಮಿಣಿ ಬರೆದಿದ್ದ ಕೊನೆಯ ಸಾಲು ನನಗೆ ಬಾಯಿಪಾಠವಾಗಿದೆ.

"ಮತ್ತೆ ಬರಿ ಪುಟ್ಟಿ ಅಂದೆ. ಒಂದು ಸಲ ಹೇಳಿದ್ದೆನಲ್ಲ, ಅಪ್ಪ ಕೇಳಿಸಿಕೊಳ್ಳಲಿಲ್ಲ, ಇನ್ನು ಬರೆಯಲ್ಲ ಅಂತಾಳೆ."